ಹನ್ನೆರಡು ಸಾಲಿಗೆ ಜಾಗ

ಒಂದೂರಲ್ಲಿ ಒಬ್ಬ ತಾಯಿ ಇದ್ದರು. ಶ್ರೀಮಂತರೇನಲ್ಲ. ಗಂಡ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದು ತೀರಿಕೊಂಡು ಬಹಳ ಕಾಲವಾಗಿತ್ತು. ಇಬ್ಬರು ಹೆಣ್ಣುಮಕ್ಕಳು. ಹೆಸರು ಬೇಡ, ದೊಡ್ಡವಳು, ಚಿಕ್ಕವಳು ಅನ್ನೋಣ. ಹೆಸರು ಹೇಳಿದರೆ ನೀವು "ಓ, ಅವರ ಕತೆ" ಎಂದು ಆರಾಮಾಗಿ ಒರಗಿ ಕೂತುಬಿಡುತ್ತೀರಿ. ಈಗ ತಾನೇ ಹೊಟ್ಟೆಕಿಚ್ಚಿನ ಬಗ್ಗೆ ಬೈಬಲಿನ ವಾಕ್ಯ ಓದಿದಾಗಲೂ ಹಾಗೇ ಆಯಿತಲ್ಲವೇ? ಪ್ರತಿಯೊಬ್ಬರ ಕಣ್ಣೂ ಪಕ್ಕದ ಬೆಂಚಿನ ಕಡೆ ಹೋಯಿತು. ನಾನು ಈ ಪ್ರಸಂಗಪೀಠದಿಂದ ನೋಡುತ್ತಿದ್ದೆ.

ಆ ತಾಯಿ ಒಂದು ಗುರುವಾರ ಬೆಳಿಗ್ಗೆ ತೀರಿಕೊಂಡರು. ಶನಿವಾರ ಮೂರು ಗಂಟೆಗೆ ದೇವಾಲಯದಲ್ಲಿ ಆರಾಧನೆ, ಆಮೇಲೆ ಮಣ್ಣು. ನಮ್ಮಲ್ಲಿ ಪದ್ಧತಿ ನಿಮಗೆ ಗೊತ್ತಿದೆ. ನಾಲ್ಕು ಪುಟದ ಕಾರ್ಯಕ್ರಮ ಪತ್ರ ಅಚ್ಚಾಗಬೇಕು. ಮೊದಲ ಪುಟದಲ್ಲಿ ಫೋಟೋ, ಹುಟ್ಟಿದ ದಿನ, ತೀರಿಕೊಂಡ ದಿನ. ಎರಡನೆಯದರಲ್ಲಿ ಹಾಡುಗಳು. ಮೂರನೆಯದು ಜೀವನ ವೃತ್ತಾಂತ. ಅದನ್ನು ಸಭಾಪಾಲಕರು ಸಭೆಯ ಮುಂದೆ ಓದುತ್ತಾರೆ, ಜನ ಪತ್ರವನ್ನು ಮನೆಗೊಯ್ದು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಒಬ್ಬರ ಎಪ್ಪತ್ತೆಂಟು ವರ್ಷ ಒಂದು ಪುಟದಲ್ಲಿ!

ಈ ತಾಯಿ ಒಂದು ಪುಸ್ತಕ ಬರೆದಿಟ್ಟಿದ್ದರು. ನೀಲಿ ರಟ್ಟಿನ ನೂರ ಹನ್ನೆರಡು ಪುಟದ ನೋಟುಪುಸ್ತಕ. "ನನ್ನ ವೃತ್ತಾಂತ ಇದನ್ನು ನೋಡಿ ಬರೀರಿ, ಇಲ್ಲದ್ದು ಸೇರಿಸ್ಬೇಡಿ" ಎಂದು ಮೊದಲೇ ಹೇಳಿದ್ದರು. ಆ ಕೆಲಸ ದೊಡ್ಡವಳ ಪಾಲಿಗೆ ಬಂತು. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ತಾಯಿಯನ್ನು ಹನ್ನೊಂದು ವರ್ಷ ತನ್ನ ಮನೆಯಲ್ಲಿಟ್ಟು ನೋಡಿಕೊಂಡವಳು. ಚಿಕ್ಕವಳು ಹುಬ್ಬಳ್ಳಿಯಲ್ಲಿ ನರ್ಸು. ಶುಕ್ರವಾರ ಸಂಜೆ ಬಂದು ಮುಟ್ಟುವವಳಿದ್ದಳು.

ದೊಡ್ಡವಳು ಕೆಲಸವನ್ನು ಹೇಗೆ ಮಾಡಿದಳು ಗೊತ್ತೇ? ಬಹಳ ಅಚ್ಚುಕಟ್ಟಾಗಿ. ನೆನಪು ಕ್ರಮವಾಗಿ ಬರುವುದಿಲ್ಲ. ತಾಯಿ ಮದುವೆಯ ಕತೆಯ ನಡುವೆ ಉಪ್ಪಿನಕಾಯಿಯ ಅಳತೆ ಬರೆದಿದ್ದರು. ಬಾಲ್ಯ ಎಪ್ಪತ್ತನೇ ಪುಟದಲ್ಲಿತ್ತು. ದೊಡ್ಡವಳು ಮೊದಲು ಒಂದು ಹಾಳೆಯಲ್ಲಿ ಇಸವಿಗಳನ್ನು ಮೇಲಿಂದ ಕೆಳಗೆ ಬರೆದು, ಪ್ರತಿ ಘಟನೆಯನ್ನೂ ಅದರದರ ಇಸವಿಯ ಮುಂದೆ ಪುಟ ಸಂಖ್ಯೆಯೊಂದಿಗೆ ಗುರುತಿಸಿದಳು. ಇಸವಿ ಇಲ್ಲದ ಕಡೆ ಲೆಕ್ಕ ಹಾಕಿದಳು: "ಚಿಕ್ಕವಳು ನಾಲ್ಕು ವರ್ಷದವಳಿದ್ದಾಗ" ಎಂದಿದ್ದರೆ ಅದು ಎಪ್ಪತ್ತೊಂಬತ್ತು. ದೀಕ್ಷಾಸ್ನಾನದ ತಾರೀಖು ಪುಸ್ತಕದಲ್ಲಿ ಒಂದು ಇತ್ತು, ಸಭೆಯ ರಿಜಿಸ್ಟರಿನಲ್ಲಿ ಇನ್ನೊಂದು. ಸಭಾಪಾಲಕರಿಗೆ ಫೋನು ಮಾಡಿ ರಿಜಿಸ್ಟರಿನದ್ದೇ ಹಾಕಿದಳು. ಆಮೇಲೆ "ನಾನು" ಎಂದಿದ್ದ ಕಡೆಯೆಲ್ಲ "ಅವರು" ಎಂದು ಮಾಡುತ್ತಾ ಹೋದಳು.

ಹೀಗೆ ಓದುತ್ತಾ ಓದುತ್ತಾ ಅವಳಿಗೆ ಒಂದು ಸಂಶಯ ಬಂತು. ಚಿಕ್ಕವಳ ಹೆಸರು ಎಷ್ಟು ಸಲ ಬರುತ್ತಿದೆ? ಸಂಶಯ ಬಂದ ಮೇಲೆ ವಿಜ್ಞಾನದ ಟೀಚರು ಸುಮ್ಮನಿರುತ್ತಾಳೆಯೇ? ಪೆನ್ಸಿಲು ತೆಗೆದುಕೊಂಡಳು. ಮತ್ತೆ ಮೊದಲ ಪುಟಕ್ಕೆ ಬಂದಳು. ಚಿಕ್ಕವಳ ಹೆಸರು ಬಂದಲ್ಲೆಲ್ಲ ಅಂಚಿನಲ್ಲಿ ಒಂದು ಗೆರೆ, ತನ್ನ ಹೆಸರು ಬಂದಲ್ಲಿ ಒಂದು ಸೊನ್ನೆ.

ಗೆರೆ ನಲವತ್ತಮೂರು. ಸೊನ್ನೆ ಒಂಬತ್ತು.

ಒಂಬತ್ತು! ಅದರಲ್ಲಿ ಒಂದು "ದೊಡ್ಡವಳ ಛತ್ರಿ ಕಳೆದುಹೋಯಿತು" ಎಂಬುದು. ಹನ್ನೊಂದು ವರ್ಷ ಸ್ನಾನ ಮಾಡಿಸಿದ್ದು, ಗಂಜಿ ಆರಿಸಿ ಕುಡಿಸಿದ್ದು, ಶಾಲೆಯ ಪ್ರವಾಸಗಳಿಗೆಲ್ಲ ಹೋಗದೆ ಉಳಿದದ್ದು, ಯಾವುದೂ ಇಲ್ಲ. ಛತ್ರಿ ಇದೆ. ನೋಡಿ, ನಿಮಗೂ ಈಗ ಸ್ವಲ್ಪ ಉರಿಯಿತಲ್ಲ? ನನಗೂ ಉರಿಯಿತು. ಹೊಟ್ಟೆಕಿಚ್ಚು ಕೆಟ್ಟವರ ಮನೆಯ ಬಾಗಿಲನ್ನೇ ತಟ್ಟುತ್ತದೆ ಅಂದುಕೊಳ್ಳಬೇಡಿ. ದುಡಿದವರ ಮನೆಗೆ ಅದು ಮೊದಲು ಬರುತ್ತದೆ. ನ್ಯಾಯ ಕೇಳುವವರ ಹಾಗೆ ಬರುತ್ತದೆ, ಕೈಯಲ್ಲಿ ಲೆಕ್ಕದ ಹಾಳೆ ಹಿಡಿದುಕೊಂಡು.

ಆದರೂ ಅವಳು ಎಲ್ಲವನ್ನೂ ಸೇರಿಸಿಯೇ ಬರೆದು ಪ್ರೆಸ್ಸಿಗೆ ಕಳುಹಿಸಿದಳು. ಶುಕ್ರವಾರ ಮಧ್ಯಾಹ್ನ ಪ್ರೆಸ್ಸಿನವನ ಫೋನು ಬಂತು.

"ಟೀಚರ್, ಮೂರನೇ ಪೇಜಲ್ಲಿ ಹಿಡಿಯುದಿಲ್ಲ. ಹನ್ನೆರಡು ಸಾಲು ಜಾಸ್ತಿ ಉಂಟು. ಅಕ್ಷರ ಸಣ್ಣ ಮಾಡಿದ್ರೆ ವಯಸ್ಸಾದವರಿಗೆ ಓದ್ಲಿಕ್ಕೆ ಆಗುದಿಲ್ಲ."

"ಹನ್ನೆರಡಾ?"

"ಹೌದು. ಎಂತದಾದ್ರೂ ತೆಗೀಬಹುದು. ಇಲ್ಲದಿದ್ರೆ ಹಿಂದಿನ ನಾಲ್ಕನೇ ಪೇಜಿಗೆ ಮುಂದುವರಿಸ್ತೇನೆ. ಅಲ್ಲಿ ಒಂದು ಶಿಲುಬೆ ಚಿತ್ರ ಬಿಟ್ರೆ ಪೂರ್ತಿ ಖಾಲಿಯೇ."

ಅವಳ ಮುಂದೆ ಪ್ರತಿ ಇತ್ತು. ಚಿಕ್ಕವಳಿಗೆ ನಾಲ್ಕನೇ ವರ್ಷದಲ್ಲಿ ಗಂಟಲುಮಾರಿ ಬಂದು ಆಸ್ಪತ್ರೆಯಲ್ಲಿದ್ದ ಭಾಗ. ಅದನ್ನು ಎಣಿಸಿದಳು. ಸರಿಯಾಗಿ ಹನ್ನೆರಡು ಸಾಲು.

"ಹಿಂದಿನ ಪೇಜು ಬೇಡ, ಚಂದ ಕಾಣುದಿಲ್ಲ. ಆ ಆಸ್ಪತ್ರೆಯ ವಿಷಯ ತೆಗೀರಿ."

"ಆಯ್ತು ಟೀಚರ್."

ಮುಗಿಯಿತು. ಸುಳ್ಳು ಹೇಳಿದಳೇ? ಇಲ್ಲ. ಯಾರನ್ನಾದರೂ ಬೈದಳೇ? ಇಲ್ಲ. ಜಾಗ ಇರಲಿಲ್ಲ, ಅಷ್ಟೇ. ಹೊಟ್ಟೆಕಿಚ್ಚಿನಷ್ಟು ಮರ್ಯಾದಸ್ಥ ಪಾಪ ಇನ್ನೊಂದಿಲ್ಲ ಪ್ರಿಯರೇ. ಅದು ಯಾವಾಗಲೂ ಒಂದು ಒಳ್ಳೆಯ ಕಾರಣದ ಹಿಂದೆ ನಿಂತಿರುತ್ತದೆ.

ಆ ಹನ್ನೆರಡು ಸಾಲಿನಲ್ಲಿ ಏನಿತ್ತು, ಕೇಳಿ. ತಾಯಿಯ ಮಾತಿನಲ್ಲೇ ಹೇಳುತ್ತೇನೆ. "ಒಂಬತ್ತನೇ ದಿನ ಮಗು ಎದ್ದು ಕೂತು ಕಾಫಿ ಕೇಳಿದಳು. ಪಕ್ಕದ ಮಂಚದ ಮಗು ಏಳಲಿಲ್ಲ. ಅದರ ತಾಯಿ ಒಬ್ಬಳೇ ಗೋಡೆ ನೋಡುತ್ತಾ ಕೂತಿದ್ದಳು. ನನ್ನ ಮಗು ಬದುಕಿದ್ದಕ್ಕೆ ನನಗೆ ಅವಳ ಮುಖ ನೋಡಲು ನಾಚಿಕೆಯಾಗಿ, ಒಂದು ಮಾತೂ ಆಡದೆ ಮನೆಗೆ ಬಂದೆ. ಮುಂದಿನ ಬುಧವಾರ ಹುಡುಕಿಕೊಂಡು ಹೋದೆ. ಅವಳಿರಲಿಲ್ಲ. ಆ ಮಂಚದ ಹತ್ತಿರ ಬೇರೊಬ್ಬಳು ಕೂತಿದ್ದಳು. ಅವಳ ಹತ್ತಿರ ಕೂತೆ."

ಹಾಗೆ ಕೂತವರು ಮೂವತ್ತೆರಡು ವರ್ಷ, ಪ್ರತಿ ಬುಧವಾರ ಆ ಆಸ್ಪತ್ರೆಗೆ ಹೋದರು. ದೊಡ್ಡವಳು ಆ ಪುಟದಲ್ಲಿ ನೋಡಿದ್ದು ತಂಗಿಯ ಹೆಸರಿನ ಮುಂದಿನ ಗೆರೆಗಳನ್ನು ಮಾತ್ರ. ತಂಗಿಯನ್ನು ತೆಗೆದೆ ಅಂದುಕೊಂಡಳು. ತೆಗೆದದ್ದು ತಾಯಿಯನ್ನು.

ಶನಿವಾರ ಸಭಾಪಾಲಕರು ಓದಿದರು: "ಎಪ್ಪತ್ತೊಂಬತ್ತರಿಂದ ಮೂವತ್ತೆರಡು ವರ್ಷ ಅವರು ರೋಗಿಗಳನ್ನು ಸಂದರ್ಶಿಸುವ ಸೇವೆ ಮಾಡಿದರು." ಯಾಕೆ ಎಂಬುದಿಲ್ಲ. ವರದಿಯ ಹಾಗೆ. ಚಿಕ್ಕವಳು ಪತ್ರದ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಆ ಸಾಲಿನಲ್ಲಿ ಬೆರಳು ನಿಂತಿತು, ಮೇಲೆ ಹೋಯಿತು, ಮತ್ತೆ ಕೆಳಗೆ ಬಂತು. ಆಮೇಲೆ ಪತ್ರವನ್ನು ಮಡಚಿಟ್ಟಳು.

ಮಣ್ಣಾಗಿ ಬಂದ ಮೇಲೆ ಸಭಾಂಗಣದಲ್ಲಿ ಚಹಾ. ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಒಬ್ಬ ಅಜ್ಜಿ ಅಕ್ಕತಂಗಿಯರ ಬಳಿ ಬಂದರು.

"ಎಂತ ಮಕ್ಕಳೇ, ಕಾಫಿ ಕೇಳಿದ ಮಗುವಿನ ಕತೆ ಓದ್ಲೇ ಇಲ್ಲ? ನಿಮ್ಮಮ್ಮ ಪ್ರತಿ ಮಂಚದ ಹತ್ರ ಅದನ್ನೇ ಹೇಳ್ತಿದ್ದದ್ದು. ಆ ಮಗು ಯಾರು ನಿಮ್ಮಲ್ಲಿ?"

ಚಿಕ್ಕವಳು "ನಾನೇ ಅಜ್ಜಿ" ಅಂದಳು. ಅಜ್ಜಿ ಅವಳ ಗಲ್ಲ ಹಿಡಿದು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ದಪ್ಪ ಆಗಿದ್ದಿ ಮಾರಾಯ್ತಿ, ಚಂದವೇ" ಎಂದು ಹೋದರು.

ಚಿಕ್ಕವಳು ನಗುತ್ತಲೇ ಕೇಳಿದಳು. "ಅಕ್ಕ, ಅಮ್ಮ ಪುಸ್ತಕದಲ್ಲಿ ಅದು ಬರೀಲೇ ಇಲ್ವಾ?"

"ಜಾಗ ಇರ್ಲಿಲ್ಲ" ಅಂದಳು ದೊಡ್ಡವಳು.

"ಅಲ್ಲ, ಪುಸ್ತಕದಲ್ಲಿ ಕೇಳಿದ್ದು." ದೊಡ್ಡವಳು ಕೈಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಹೋಗ್ಲಿ ಬಿಡು, ಬರ್ದಿರ್ಲಿಕ್ಕಿಲ್ಲ. ಫೋನಲ್ಲಿ ಅಮ್ಮಂಗೆ ನಿಂದೇ ಸುದ್ದಿ. ದೊಡ್ಡವಳು ಇವತ್ತು ಗಂಜಿಗೆ ತುಪ್ಪ ಹಾಕಿದ್ಲು, ದೊಡ್ಡವಳು ಬೆನ್ನಿಗೆ ಎಣ್ಣೆ ಹಚ್ಚಿದ್ಲು. ಅಲ್ಲಿ ಹತ್ತು ರೋಗಿಗಳ ಬೆನ್ನು ಒರೆಸಿ ಬಂದು ಇದನ್ನು ಕೇಳ್ಬೇಕು. ಎಷ್ಟೋ ಸಲ ಹೊಟ್ಟೆಕಿಚ್ಚಲ್ಲಿ ಫೋನು ಇಟ್ಟುಬಿಟ್ಟಿದ್ದೇನೆ. ನನ್ನ ಹೆಸರು ಅದ್ರಲ್ಲಿ ಒಂದು ಸಲ ಆದ್ರೂ ಉಂಟಾ?"

ಈಗ ಹೇಳಿ. ದೊಡ್ಡವಳು ಏನು ಮಾಡಬೇಕು? ಪುಸ್ತಕ ಅವಳ ಕೈಚೀಲದಲ್ಲೇ ಇತ್ತು. "ಅಷ್ಟೊಂದಿಲ್ಲ" ಅಂದರೆ ಸಾಕಿತ್ತು, ತಂಗಿ ನಂಬುತ್ತಿದ್ದಳು. ಸಾಯುವವರೆಗೂ ನಂಬುತ್ತಿದ್ದಳು. ಪುಸ್ತಕ ಕೊಟ್ಟರೋ, ತಾಯಿಯ ಅಕ್ಷರದ ಪಕ್ಕದಲ್ಲೇ ತನ್ನ ಪೆನ್ಸಿಲಿನ ಗೆರೆಗಳಿವೆ. ರಬ್ಬರು ಹಾಕುವಷ್ಟು ಹೊತ್ತಿಲ್ಲ.

ಅವಳು ಪುಸ್ತಕ ತೆಗೆದು ಕೊಟ್ಟಳು.

ಚಿಕ್ಕವಳು ಪುಟ ತಿರುಗಿಸಿದಳು. ಮತ್ತೊಂದು ತಿರುಗಿಸಿದಳು. "ಇದೆಂತ ಅಕ್ಕ ಅಂಚಿಗೆ? ಪೇಪರು ತಿದ್ದಿದ್ದಾ?"

"ಹೌದು. ನಿಂಗೆ ನಲವತ್ತಮೂರು."

"ನಿಂಗೆ?"

"ಒಂಬತ್ತು. ಅದ್ರಲ್ಲಿ ಒಂದು ಛತ್ರಿ."

ಚಿಕ್ಕವಳು ನಗಲಿಲ್ಲ. ಪತ್ರ ತೆರೆದು ಹಿಂದಿನ ಪುಟ ನೋಡಿದಳು. ಶಿಲುಬೆ, ಅದರ ಕೆಳಗೆ ಖಾಲಿ. "ಇಷ್ಟು ಜಾಗ ಉಂಟಲ್ಲ ಅಕ್ಕ" ಅಂದಳು. ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ದೊಡ್ಡವಳಿಗೆ ಸುಲಭವಾಗುತ್ತಿತ್ತು. ಅವಳು ಅಲ್ಲೇ, ಚಹಾದ ಲೋಟಗಳ ನಡುವೆ ಕುರ್ಚಿ ಎಳೆದು ಕೂತು, "ನಾನೇ ತೆಗ್ಸಿದ್ದು. ಪ್ರೆಸ್ಸಿನವರು ಹಿಂದಿನ ಪೇಜಿಗೆ ಹಾಕ್ತೇನೆ ಅಂತ ಹೇಳಿದ್ರು, ನಾನೇ ಬೇಡ ಅಂದೆ" ಎಂದು ಅತ್ತಳು. ತಂಗಿಯೂ ಒಂದು ಕುರ್ಚಿ ಎಳೆದಳು. ಆಮೇಲೆ ಪಕ್ಕದಲ್ಲಿ ಕೂತು, ಮೊದಲ ಪುಟದಿಂದ ಓದತೊಡಗಿದಳು. ಗಟ್ಟಿಯಾಗಿ, ಅಕ್ಕನಿಗೂ ಕೇಳುವ ಹಾಗೆ.

ತಾಯಿ ಇಬ್ಬರನ್ನೂ ಸಮವಾಗಿ ಪ್ರೀತಿಸಿದರು ಎಂದು ನಾನು ಹೇಳುತ್ತೇನೆ ಅಂತ ಕಾಯುತ್ತಿದ್ದೀರಾ? ನನಗೆ ಗೊತ್ತಿಲ್ಲ. ಒಂದು ಪುಸ್ತಕ, ಕೆಲವು ಫೋನು ಕರೆ. ಇಷ್ಟರಿಂದ ಒಂದು ಹೃದಯವನ್ನು ಅಳೆಯಲಾಗುವುದಿಲ್ಲ. ದೊಡ್ಡವಳ ಎಣಿಕೆ ತಪ್ಪಿರಲಿಲ್ಲ. ಎಣಿಸಿದರೆ ಪ್ರೀತಿಯ ಅಳತೆ ಸಿಗುತ್ತದೆ ಅಂದುಕೊಂಡದ್ದು ತಪ್ಪು.

ಈಗ ನಿಮ್ಮ ಮನೆಗೆ ಬರುತ್ತೇನೆ. ಒಂದು ದಿನ ನಿಮ್ಮ ತಂದೆಯದೋ ತಾಯಿಯದೋ ವೃತ್ತಾಂತ ಬರೆಯುವ ಕೆಲಸ ನಿಮಗೆ ಬರುತ್ತದೆ. ಅಚ್ಚಿಗೆ ಕೊಡುವ ಮೊದಲು ಅದನ್ನು ಒಬ್ಬರಿಗೆ ಓದಲು ಕೊಡಿ. ಯಾರಿಗೆ? ಯಾರ ಹೆಸರು ಬರೆಯುವಾಗ ನಿಮ್ಮ ಕೈ ಬಿಗಿಯಾಯಿತೋ ಅವರಿಗೆ. ಅವರು ಹೇಳಿದ್ದನ್ನು ಸೇರಿಸಿ.

ಆದರೆ ಅಷ್ಟು ದಿನ ಕಾಯುವುದು ಯಾಕೆ? ಈ ವಾರವೇ ಯಾರೋ ನಿಮ್ಮ ಎದುರು ನಿಮ್ಮ ತಮ್ಮನನ್ನು, ಓರಗಿತ್ತಿಯನ್ನು, ಜೊತೆ ಕೆಲಸ ಮಾಡುವವರನ್ನು ಹೊಗಳುತ್ತಾರೆ. ಆಗ ಮಾತು ತಿರುಗಿಸಬೇಡಿ. "ಹೌದು, ಆದರೆ..." ಅನ್ನಬೇಡಿ. ನಿಮಗೆ ಗೊತ್ತಿರುವ ಅವರದೊಂದು ಒಳ್ಳೆಯ ಕೆಲಸವನ್ನು ಪೂರ್ತಿ ಹೇಳಿ. ಯಾಕೆ ಮಾಡಿದರು ಎಂಬುದನ್ನೂ ಸೇರಿಸಿ ಹೇಳಿ. ನಾಲಿಗೆ ಒಣಗುತ್ತದೆ, ಒಣಗಲಿ. ಮನೆಗೆ ಹೋದ ಮೇಲೆ ಅವರಿಗೇ ಫೋನು ಮಾಡಿ, "ನಿನ್ನ ಬಗ್ಗೆ ಅವರು ಹೀಗೆ ಹೇಳಿದರು, ನಾನೂ ಹೌದೆಂದೆ" ಎಂದು ತಿಳಿಸಿ. ಬೇರೆಯವರು ಹೊಗಳಿದ ಮಾತನ್ನು ನಾವು ದಾರಿಯಲ್ಲೇ ನುಂಗಿಬಿಡುತ್ತೇವೆ, ಮುಟ್ಟಬೇಕಾದವರಿಗೆ ಮುಟ್ಟಿಸುವುದಿಲ್ಲ. ಇನ್ನು ಮುಟ್ಟಿಸಿ. ಅವರಿಗೆ ಕೇಳಿಸಿಕೊಳ್ಳುವ ಕಿವಿ ಇನ್ನೂ ಇರುವಾಗಲೇ ಮುಟ್ಟಿಸಿ.