ಎರಡು ಬಡಿತ

ಸಂಜೆ ಐದಕ್ಕೆ ಹಿಡಿದ ಮಳೆ ಏಳಾದರೂ ಬಿಡಲಿಲ್ಲ. ನಲ್ಲಿ ಕೆಲಸ ಕಲಿಸುವ ನಮ್ಮ ವರ್ಕ್‌ಶಾಪಿನ ತಗಡಿನ ಚಾವಣಿಯ ಮೇಲೆ ಅದು ಎಷ್ಟು ಜೋರಾಗಿ ಬೀಳುತ್ತಿತ್ತೆಂದರೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಬೇಕಾದರೆ ತಲೆಗೆ ತಲೆ ತಾಗಿಸಿ ಕೂರಬೇಕಿತ್ತು. ಬಸ್ಸುಗಳ ಓಡಾಟ ನಿಂತಿತ್ತು, ಕರೆಂಟೂ ಹೋಗಿತ್ತು. ಕಲಿಯುವವರು ನಾವು ಐದು ಜನ, ಕಲಿಸುವವಳು ಒಬ್ಬಳು. ಬೆನ್ನ ಹಿಂದೆ ಅವಳನ್ನು ವಾಷರಮ್ಮ ಎನ್ನುತ್ತಿದ್ದೆವು, ಎದುರಿಗೆ ಅಜ್ಜಿ. ಎಪ್ಪತ್ತು ದಾಟಿದ್ದರೂ ಪೈಪಿನ ಬಿಗಿದ ಕೀಲು ಬಿಚ್ಚುವುದರಲ್ಲಿ ನಮ್ಮಲ್ಲಿ ಯಾರೂ ಅವಳಿಗೆ ಸಮನಾಗಿರಲಿಲ್ಲ.

ಹೊತ್ತು ಹೋಗಲೆಂದು ನಮ್ಮ ಗುಂಗುರು ಕೂದಲಿನ ಹುಡುಗಿ, "ಅಜ್ಜೀ, ಒಂದು ದೆವ್ವದ ಕತೆ ಹೇಳಿ" ಎಂದಳು. ಅಜ್ಜಿ ಮೇಣದಬತ್ತಿಯನ್ನು ಪೈಪಿನ ಒಂದು ತುಂಡಿಗೆ ಸಿಕ್ಕಿಸಿ ನಿಲ್ಲಿಸಿದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ನನ್ನ ಮುಖದ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಕಣ್ಣು ನಿಲ್ಲಿಸಿ, ಶುರು ಮಾಡಿದಳು.

"ಕೇಳಿ ಹಾಗಾದ್ರೆ. ಮಧ್ಯೆ ಬಾಯಿ ಹಾಕಿದ್ರೆ ನಿಲ್ಲಿಸಿಬಿಡ್ತೀನಿ, ಆಮೇಲೆ ಕಾಲು ಹಿಡಿದ್ರೂ ಹೇಳಲ್ಲ. ನನಗಾಗ ಹನ್ನೊಂದು ವರ್ಷ. ಅಮ್ಮ ನನ್ನ ಹೆತ್ತು ಕಣ್ಣು ಮುಚ್ಚಿದವಳು. ನನಗೆ ಅಂತ ಈ ಭೂಮಿ ಮೇಲೆ ಇದ್ದಿದ್ದು ಅಪ್ಪ ಒಬ್ಬನೇ, ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ. ಅಪ್ಪಂದೂ ಇದೇ ಕೆಲಸ. ನಾವು ಹೊಸದಾಗಿ ಹೋಗಿದ್ದ ಬಾಡಿಗೆ ಮನೆ ಒಂದು ಹಳೇ ಕಟ್ಟಡದ ಮಹಡಿ ಮೇಲಿತ್ತು, ಕೆಳಗೆ ಕಾಗದದ ಗೋದಾಮು, ಸಂಜೆ ಆರಕ್ಕೆ ಬೀಗ ಬೀಳೋದು. ಆಮೇಲೆ ಆ ಇಡೀ ಕಟ್ಟಡದಲ್ಲಿ ನಾವಿಬ್ಬರೇ.

"ಮೊದಲ್ನೇ ರಾತ್ರೀನೇ ಶುರುವಾಯ್ತು. ಹನ್ನೆರಡು ದಾಟಿತ್ತು... ಟಪ್. ಸ್ವಲ್ಪ ಹೊತ್ತು ಏನಿಲ್ಲ. ಮತ್ತೆ ಟಪ್. ನನ್ನ ತಲೆದಿಂಬಿನ ಹಿಂದಿನ ಗೋಡೆಯೊಳಗೆ! ಅಪ್ಪ ಎದ್ದು ಅಡುಗೆಮನೆ ನಲ್ಲಿ ನೋಡ್ದ, ಬಚ್ಚಲು ನೋಡ್ದ, ಎಲ್ಲಾ ಒಣಗಿತ್ತು. ಬೆಳಗಿನ ಜಾವ ಐದಕ್ಕೆ ಅದು ತಾನಾಗೇ ನಿಂತೋಯ್ತು. ಹಗಲೆಲ್ಲಾ ಉಸಿರಿಲ್ಲ. ರಾತ್ರಿ ಮತ್ತೆ. ನಾಲ್ಕನೇ ದಿನಕ್ಕೆ ನಾನು ಊಟ ಬಿಟ್ಟೆ. 'ಅಪ್ಪಾ, ಗೋಡೆಯೊಳಗೆ ಯಾರೋ ಇದ್ದಾರೆ' ಅಂತ ಅವನ ಅಂಗಿ ಹಿಡ್ಕೊಂಡು ಅತ್ತೆ. ಅವನು ನಕ್ಕ. 'ಇದ್ರೆ ಇರ್ಲಿ ಪುಟ್ಟಿ, ಬಾಡಿಗೇಲಿ ಅರ್ಧ ಕೇಳೋಣ' ಅಂದ. ಆದ್ರೆ ಒಳಗೊಳಗೇ ಅವನಿಗೂ ಕಿರಿಕಿರಿ. ನಲ್ಲಿ ರಿಪೇರಿಯವನ ಮನೇಲೇ ನೀರು ತೊಟ್ಟಿಕ್ಕೋದು ಅಂದ್ರೆ ಮಾನ ಹೋಗೋ ವಿಷಯ ಅಲ್ವಾ?

"ಹುಡುಕೋಕೆ ಕೂತ. ನಾನೂ ಜೊತೆಗೆ. ಉದ್ದನೆ ಸ್ಕ್ರೂಡ್ರೈವರಿನ ತುದೀನ ಗೋಡೆಗೊತ್ತಿ, ಹಿಡೀನ ಕಿವಿಗೆ ಒತ್ತಿ, ಗೇಣು ಗೇಣು ಸರಿಸ್ತಾ ಕೇಳ್ದ. ನನ್ನ ಹಾಸಿಗೆ ತಲೆ ಕಡೆ, ಮೇಲೆ, ಚಾವಣಿ ಹತ್ತಿರ ಎಲ್ಲಕ್ಕಿಂತ ಜೋರು. ಅಲ್ಲಿಂದ ಕೆಳಗೆ ಗೋಡೇಲಿ ಒಂದು ಕಡೆ ತೇವ ಒಸರ್ತಿತ್ತು. ಆಮೇಲೆ ನನ್ನನ್ನ ಕೆಳಗೆ ಕಳಿಸಿ ನೀರಿನ ಮೀಟರ್ ನೋಡು ಅಂದ. ಎಲ್ಲಾ ನಲ್ಲಿ ಮುಚ್ಚಿದೆ, ತಾರಸಿ ಟ್ಯಾಂಕು ತುಂಬಿದೆ, ಆದ್ರೂ ಗಾಜಿನೊಳಗಿನ ಪುಟ್ಟ ಕೆಂಪು ಚಕ್ರ ನಿಧಾನಕ್ಕೆ ತಿರುಗ್ತಾನೇ ಇದೆ! ಅಂದ್ರೆ ನೀರು ಎಲ್ಲಿಗೋ ಹೋಗ್ತಿದೆ. ಎಲ್ಲಿಗೆ?

"ಮಾರನೇ ದಿನ ತಾರಸಿ ಟ್ಯಾಂಕಿಗೆ ಬಟ್ಟೆಗೆ ಹಾಕೋ ನೀಲಿ ಕದಡಿದ. ಅಡುಗೆಮನೆ ನಲ್ಲೀಲಿ ನೀಲಿ ನೀರು ಬಂತು. ಗೋಡೆಯ ತೇವಕ್ಕೆ ರಾತ್ರಿಯಿಡೀ ಒತ್ತಿಟ್ಟ ಬಿಳೀ ಬಟ್ಟೆ ಒದ್ದೆ ಆಯ್ತು, ಆದ್ರೆ ಬಿಳಿಯಾಗೇ ಇತ್ತು. ಗೊತ್ತಾಯ್ತಲ್ಲ? ತೊಟ್ಟಿಕ್ಕೋದು ತಾರಸಿ ನೀರಲ್ಲ, ಬೀದಿ ಪೈಪಿಂದ ನೇರ ಬರೋ ನೀರು. ಮುಂದಿನ ರಾತ್ರಿ ಮೀಟರ್ ಹತ್ತಿರದ ದೊಡ್ಡ ವಾಲ್ವ್ ಮುಚ್ಚಿ ನೋಡ್ದ. ಪೈಪಿನ ಬಿರುಕಾಗಿದ್ರೆ ಒತ್ತಡ ಹೋದ ತಕ್ಷಣ ನಿಲ್ಬೇಕಿತ್ತು. ಇದು ಕಾಲು ಗಂಟೆ ತೊಟ್ಟಿಕ್ಕಿ, ತೊಟ್ಟಿಕ್ಕಿ, ಆಮೇಲೆ ನಿಂತ್ಕೊಳ್ತು. ಅಪ್ಪ ನನ್ನ ಕಡೆ ತಿರುಗಿ, 'ಪುಟ್ಟಿ, ಒಳಗೆಲ್ಲೋ ತುಂಬಿ ನಿಂತಿರೋ ನೀರಿದೆ. ಅಂಚಿಗಿಂತ ಮೇಲೆ ಬಂದಿದ್ದ ನೀರು ಇಳಿದ ಮೇಲೆ ನಿಲ್ತು' ಅಂದ. ನನಗೆ ಮೈ ಜುಮ್ ಅಂತು.

"ಟೇಪು ತಗೊಂಡು ಅಳೆದ್ವಿ. ಹೊರಗಡೆ ಗೋಡೆ ಹದಿನೆಂಟು ಅಡಿ. ಒಳಗೆ ಕೋಣೆ ಹನ್ನೆರಡು. ಗೋಡೆ ದಪ್ಪ ಕಳೆದ್ರೂ ನಾಲ್ಕು ಅಡಿಗೆ ಲೆಕ್ಕ ಸಿಗ್ತಿಲ್ಲ! ನನ್ನ ತಲೆಯಿಂದ ಒಂದು ಮೊಳ ಆಚೆ ನಾಲ್ಕು ಅಡಿ ಕತ್ತಲೆ ಇಟ್ಕೊಂಡು ನಾನು ಮಲಗ್ತಿದ್ದೆ. ಚಾವಣಿ ಹತ್ತಿರ ಇಟ್ಟಿಗೆ ಕಿತ್ತು ಟಾರ್ಚ್ ಬಿಟ್ರೆ, ಒಳಗೆ ಎರಡು ಮರದ ತೊಲೆ ಮೇಲೆ ಹಳೇ ಕಬ್ಬಿಣದ ತೊಟ್ಟಿ. ತಾರಸಿ ಟ್ಯಾಂಕು ಬರೋಕೆ ಮುಂಚಿನ ಕಾಲದ್ದು. ಯಾರೋ ಪುಣ್ಯಾತ್ಮರು ಪೈಪಿನ ಸಂಪರ್ಕ ಕತ್ತರಿಸದೇ ಹಾಗೇ ಗೋಡೆ ಕಟ್ಟಿ ಮುಚ್ಚಿಬಿಟ್ಟಿದ್ರು.

"ತೇಲುಗುಂಡು ಸರಿಯಾಗೇ ಇತ್ತು. ನೀರು ಏರಿದ ಹಾಗೆ ಗುಂಡು ಏರುತ್ತೆ, ಗುಂಡಿನ ಸಲಾಕೆ ವಾಲ್ವಿನ ಬಾಯಿಗೆ ವಾಷರ್ ಒತ್ತುತ್ತೆ, ನೀರು ನಿಲ್ಲುತ್ತೆ, ನಿಮಗೆ ಮೊದಲ್ನೇ ವಾರವೇ ಕಲಿಸಿದ್ದೀನಿ. ಆದ್ರೆ ಆ ವಾಷರ್ ಸವೆದು ಗೀರು ಬಿದ್ದಿತ್ತು. ಹಗಲು ಊರೆಲ್ಲಾ ನಲ್ಲಿ ತಿರುಗಿಸ್ಕೊಂಡು ಕೂತಿರುತ್ತೆ, ಪೈಪಿನಲ್ಲಿ ಒತ್ತಡ ಕಮ್ಮಿ, ನೀರಿಗೆ ಅಷ್ಟು ಎತ್ತರ ಹತ್ತೋಕೇ ಶಕ್ತಿ ಇರಲ್ಲ. ಊರು ಮಲಗಿ ನಲ್ಲಿಗಳೆಲ್ಲಾ ಮುಚ್ಚಿದ ಮೇಲೆ ಒತ್ತಡ ಏರುತ್ತೆ, ಗೀರಿನಲ್ಲಿ ನುಸುಳುತ್ತೆ. ತುಂಬಿದ ತೊಟ್ಟಿಗೆ ಹನಿ ಹನಿ ಸೇರಿ ಓವರ್‌ಫ್ಲೋ ಪೈಪಿಗೆ ಇಳಿಯುತ್ತೆ. ಆ ಪೈಪಿನ ಬಾಯಿ ಹೊರಗಡೆ ಇರ್ಬೇಕು, ಹೊರಗೋಡೆಗೆ ಗಾರೆ ಮಾಡಿದವರು ಅದನ್ನೂ ಬಳಿದು ಮುಚ್ಚಿದ್ರು. ಹಾಗಾಗಿ ನೀರು ಕೀಲಿನಿಂದ ಜಿನುಗಿ ತೊಲೆ ಮೇಲೆ ಬೀಳ್ತಿತ್ತು. ಟಪ್. ಟಪ್. ಇಷ್ಟೇ. ಅಪ್ಪ ನನ್ನ ತಲೆ ಸವರಿ, 'ನೋಡ್ದಾ? ನಿನ್ನ ದೆವ್ವದ ಹೆಸರು ವಾಷರ್' ಅಂದ. ನನಗೆ ಎಷ್ಟು ಖುಷಿ ಆಯ್ತು ಅಂತೀರಿ! ಅವತ್ತು ಹೊಟ್ಟೆ ತುಂಬಾ ಉಂಡೆ.

"ಹೊಸ ವಾಷರ್ ಹಾಕಿ, ರಾತ್ರಿ ಒತ್ತಡದಲ್ಲೇ ಪರೀಕ್ಷೆ ಮಾಡ್ಬೇಕು, ಹಗಲು ಮಾಡಿದ್ರೆ ಏನೂ ತಿಳಿಯಲ್ಲ. ತೊಟ್ಟಿ ಮೊದಲು ಖಾಲಿ ಮಾಡ್ಬೇಕಿತ್ತು. ಐದು ನಿಮಿಷದ ಕೆಲಸಕ್ಕೆ ಯಾಕೆ ಅಂತ ಅಪ್ಪ ಮಾಡ್ಲಿಲ್ಲ. ಅದು ಅವನ ತಪ್ಪು. ಇನ್ನು ಮಹಡಿಗೂ ಕೆಳಗಿನ ವಾಲ್ವಿಗೂ ಕೂಗಿದ್ರೆ ಕೇಳಲ್ಲ. ಅದಕ್ಕೇ ನಮ್ಮಿಬ್ಬರದೊಂದು ಪದ್ಧತಿ ಇತ್ತು, ನಿಮಗೂ ಅದನ್ನೇ ಕಲಿಸಿದ್ದೀನಿ. ಸ್ಪ್ಯಾನರಿನಲ್ಲಿ ಪೈಪಿಗೆ ಬಡಿಯೋದು. ಕೆಳಗಿಂದ ಒಂದು ಬಡಿತ, ಮುಚ್ಚಿದೆ. ಮೇಲಿಂದ ಎರಡು ಬಡಿತ, ಇನ್ನು ತೆರಿ.

"ನಾನು ಕೆಳಗಿಳಿದು ಎರಡೂ ಕೈಯಲ್ಲಿ ವಾಲ್ವ್ ಮುಚ್ಚಿ, ಒಂದು ಬಡಿದೆ. ಅಪ್ಪ ತೂತಿನಲ್ಲಿ ನುಗ್ಗಿ ತೊಲೆ ಮೇಲೆ ಕೂತು ತೊಟ್ಟಿಯ ವಾಲ್ವಿನ ಹೊಟ್ಟೆ ಬಿಚ್ಚಿದ್ದ. ನಾನು ಕತ್ತಲಲ್ಲಿ ಪೈಪಿಗೆ ಕಿವಿ ಕೊಟ್ಟು ಕೂತೆ. ಪೈಪು ತಣ್ಣಗಿತ್ತು. ಒಂದು ನಿಮಿಷ... ಎರಡು ನಿಮಿಷ... ಆಮೇಲೆ ಬಂತು. ಠಣ್. ಠಣ್. ಸ್ಪಷ್ಟವಾಗಿ, ಎರಡು. ಇಷ್ಟು ಬೇಗ ಮುಗೀತಾ ಅಂತ ಒಂದು ಸಲ ಅನ್ನಿಸ್ತು. ನಮ್ಮಪ್ಪನ ಕೈ ಚುರುಕು ಅಂದ್ಕೊಂಡು ಪೂರ್ತಿ ತೆರೆದೆ.

"ರಾತ್ರಿ ಒತ್ತಡ, ಬಿಚ್ಚಿಟ್ಟ ವಾಲ್ವ್. ನೀರು ಅವನ ಎದೆಗೇ ಹೊಡೀತು. ಹಿಂದಕ್ಕೆ ಬಿದ್ದ, ಬಿದ್ದಿದ್ದು ಕೊಳೆತ ತೊಲೆ ಮೇಲೆ. ಅದು ಮುರೀತು. ಅಪ್ಪ, ಅವನ ಹಿಂದೆ ತುಂಬಿದ ತೊಟ್ಟಿ... ಆ ಸದ್ದು ಕೇಳಿ ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಗೋಡೆ ನನ್ನ ಹಾಸಿಗೆ ಮೇಲೆ ಕುಸಿದಿತ್ತು. ಇಟ್ಟಿಗೆ ನಡುವೆ ಅಪ್ಪನ ಕೈ ಮಾತ್ರ ಕಾಣ್ತಿತ್ತು. ನಾನೇ ಅಪ್ಪನ್ನ ಕೊಂದೆ ಅಂತ ಬೀದಿಗೆಲ್ಲಾ ಕೇಳೋ ಹಾಗೆ ಕಿರುಚಿದೆ.

"ಬದುಕ್ದ. ಬಲಗಾಲು ಹೋಯ್ತು. ಆಸ್ಪತ್ರೇಲಿ ಕಣ್ಣು ಬಿಟ್ಟವನು ಎಲ್ಲರ ಎದುರಿಗೆ ಹೇಳಿದ ಮೊದಲ್ನೇ ಮಾತು, 'ನಾನೇ ಬಡಿದೆ. ಅವಸರದಲ್ಲಿ ಬಡಿದುಬಿಟ್ಟೆ. ಮಗಳದೇನೂ ತಪ್ಪಿಲ್ಲ'. ಆ ಮಾತು ಇಲ್ದಿದ್ರೆ ನಾನು ಬಾಳ್ತಾನೇ ಇರ್ಲಿಲ್ಲ. ಆಮೇಲೆ ಅವನು ಕೂತಲ್ಲಿಂದ ಹೇಳ್ಕೊಟ್ಟ, ನಾನು ಕಲಿತೆ, ಮನೆ ನಡೀತು.

"ಇಪ್ಪತ್ತೆರಡು ವರ್ಷ ಆದ ಮೇಲೆ, ಹೋಗೋ ಹಿಂದಿನ ದಿನ, ನನ್ನ ಹತ್ತಿರ ಕರೆದ. ದನಿ ಇರ್ಲಿಲ್ಲ, ಬಗ್ಗಿ ಕೇಳ್ದೆ. 'ಪುಟ್ಟಿ, ನೀನು ಕೊರಗ್ತೀಯ ಅಂತ ಸುಳ್ಳು ಹೇಳಿದ್ದೆ ಕಣೇ. ಅವತ್ತು ನಾನು ಬಡೀಲಿಲ್ಲ. ಸ್ಪ್ಯಾನರ್ ಜಾರಿ ತೊಟ್ಟಿಯೊಳಗೆ ಬಿದ್ದಿತ್ತು, ತೋಳು ಮುಳುಗಿಸಿ ಹುಡುಕ್ತಿದ್ದೆ... ಆಗ ನನಗೂ ಕೇಳಿಸ್ತು. ನನ್ನ ಬೆನ್ನ ಹಿಂದೆ. ಠಣ್, ಠಣ್.' ಅಷ್ಟು ಹೇಳಿ ನನ್ನ ಕೈ ಬಿಗಿಯಾಗಿ ಹಿಡ್ಕೊಂಡ. ಸಾವಿಗೆ ಹೆದರದವನು ಅದಕ್ಕೆ ಹೆದರಿದ್ದ."

ಅಜ್ಜಿ ವಾಲಿದ್ದ ಮೇಣದಬತ್ತಿಯನ್ನು ನೆಟ್ಟಗೆ ಮಾಡಿದಳು. ನಾನು ನಗುವ ಪ್ರಯತ್ನ ಮಾಡಿ, "ಆ ಕಟ್ಟಡ ಇನ್ನೂ ಇದೆಯಾ ಅಜ್ಜಿ?" ಎಂದೆ.

"ಕೆಡವಿ ನಲವತ್ತು ವರ್ಷ ಆಯ್ತು. ಅದಕ್ಕೆ ಕಟ್ಟಡ ಬೇಕು ಅಂತ ಯಾರು ಹೇಳಿದ್ರು ನಿಂಗೆ? ಯೋಚನೆ ಮಾಡು... ಬೀದಿ ಪೈಪಿಗೆ ಮನೆ ಪೈಪು, ಆ ಬೀದಿಗೆ ಈ ಬೀದಿ, ಊರಿನ ಪೈಪೆಲ್ಲಾ ಒಂದಕ್ಕೊಂದು ಸೇರ್ಕೊಂಡಿದೆ. ನಾನು ಇವತ್ತಿಗೂ ಎರಡು ಬಡಿತ ಕೇಳಿದ್ರೆ ತೆರೆಯಲ್ಲ. ಮೆಟ್ಟಿಲು ಹತ್ತಿ ಹೋಗಿ, ಮೇಲಿರೋರ ಮುಖ ನೋಡಿ, ಬಾಯಲ್ಲಿ ಕೇಳಿ ಬಂದು ತೆರೀತೀನಿ. ಮಂಡಿ ನೋವಿಗೆ ಬೇರೆ ಕಾರಣ ಇಲ್ಲ. ನಗ್ತೀರ ಅಂತ ನಿಮಗೆ ಇದನ್ನ ಹೇಳಿರ್ಲಿಲ್ಲ." ಮಾತು ನಿಲ್ಲಿಸಿ ಅವಳು ನನ್ನ ಮೊಣಕೈ ಹಿಡಿದಳು. "ಇವತ್ತು ಈ ಕತೆ ಯಾಕೆ ಹೇಳ್ದೆ ಗೊತ್ತಾ? ಮೊನ್ನೆ ಹಾಸ್ಟೆಲಿನ ಕೆಲಸದಲ್ಲಿ ಕೆಳಗೆ ವಾಲ್ವ್ ಹತ್ತಿರ ಇದ್ದವನು ನೀನು. ಎರಡು ಬಡೀತು, ತೆರೆದೆ ಅಂದೆ. ಮೇಲೆ ಇನ್ನೂ ಕೆಲಸ ಮುಗಿದಿರ್ಲಿಲ್ಲ, ನೀರು ನುಗ್ತು. ಮೇಲಿದ್ದವಳು ಇವಳು. ಬಡಿದಿದ್ದು ನಿಜವಾ ಅಂತ ಕೇಳು ಇವಳನ್ನ."

ನಾನು ಗುಂಗುರು ಕೂದಲಿನ ಹುಡುಗಿಯ ಕಡೆ ತಿರುಗಿದೆ. ಮೇಣದಬತ್ತಿಯ ಬೆಳಕಿನಲ್ಲಿ ಅವಳ ಮುಖ ಬಿಳಿಚಿಕೊಂಡಿತ್ತು.

"ನಾನು ಬಡೀಲೇ ಇಲ್ಲ ಕಣೋ" ಎಂದಳು. "ನೀನೇ ಮರೆತು ತೆರೆದೆ ಅಂದ್ಕೊಂಡು, ಬೈಸ್ಕೋತೀಯ ಅಂತ ಅಜ್ಜಿ ಹತ್ತಿರ ನಾನೇ ಬಡಿದೆ ಅಂತ ಹೇಳಿದ್ದೆ."