ಹಳ್ಳ ಉಸಿರು ಕಟ್ಟಿದ ವರ್ಷ

ಅಲ್ಲ, ಆ ಒಂದು ಪುಟ ತೆಗೆದರೆ ನಿನ್ನ ಪ್ರಬಂಧಕ್ಕೆ ಏನು ಕೊರತೆ ಆಗ್ತದೆ ಹೇಳು ಸುಗುಣ. ನೂರಾ ನಲವತ್ತು ಪುಟ ಬರ್ದಿದ್ದೀಯ. ತೊಂಬತ್ನಾಲ್ಕನೇ ಪುಟ ಇಲ್ಲದಿದ್ರೆ ಎಂ.ಫಿಲ್. ಕೊಡೋದಿಲ್ಲ ಅಂತಾರಾ ನಿಮ್ಮ ವಿಶ್ವವಿದ್ಯಾಲಯದವರು? ಮೊದಲು ಕಾಫಿ ಕುಡಿ. ಆರಿ ಹೋಗ್ತದೆ. ಸಕ್ಕರೆ ಸಾಲದಿದ್ರೆ ಅಲ್ಲೇ ಡಬ್ಬದಲ್ಲಿ ಉಂಟು. ಈ ಮನೆಗೆ ಯಾರೂ ಬರೋದಿಲ್ಲ ಮಾರಾಯ್ತಿ, ಹಂಗಾಗಿ ಅಳತೆ ಮರ್ತು ಹೋಗಿದೆ ನಂಗೆ.

ನೋಡು, ನಾನು ಮೂವತ್ತೊಂದು ವರ್ಷ ಕಾಲೇಜಲ್ಲಿ ಕನ್ನಡ ಪಾಠ ಹೇಳ್ದೆ. ಮೂರು ಪುಸ್ತಕ ಬರ್ದೆ. ಎರಡನ್ನು ಗೆದ್ದಲು ಓದ್ತು. ಉಳಿದಿದ್ದು ಈ ಒಂದು ಕವಿತೆ. ಇವತ್ತಿಗೂ ಆಲ್ದೂರು ಬಸ್ಸಲ್ಲಿ ಯಾರಾದ್ರೂ ಎದ್ದು ಸೀಟು ಕೊಡ್ತಾರೆ ಅಂದ್ರೆ ಈ ಕವಿತೆಗೆ ಕೊಡ್ತಾರೆ, ನನಗಲ್ಲ. "ಸಾರ್, ನಿಮ್ಮ ಹೂಮಳೆ ಪದ್ಯ ನಮಗೆ ಪಾಠಕ್ಕಿತ್ತು" ಅಂತಾರೆ. ಅಷ್ಟೇ ಇರೋದು ನನ್ನ ಹತ್ತಿರ. ಅದಕ್ಕೂ ನೀನು ಪರಿಸರ ವಿಮರ್ಶೆ ಅಂತ ಕತ್ತಿ ತಂದ್ಯಲ್ಲ.

ಯಾಕೆ ನಗ್ತೀಯ? ಹೌದು, ಕತ್ತಿಯೇ ಅದು. ನಾವು ಓದೋ ಕಾಲದಲ್ಲಿ ಬೆಟ್ಟ ಅಂದ್ರೆ ಧೈರ್ಯ, ಹೊಳೆ ಅಂದ್ರೆ ಕಾಲ, ಮಳೆ ಅಂದ್ರೆ ಕರುಣೆ. ಮುಗೀತು. ನೀನು ಬಂದು ಕೇಳ್ತೀಯ, ಬೆಟ್ಟ ಯಾರದ್ದು, ಹೊಳೆ ನೀರು ಯಾರು ಕುಡೀತಾರೆ, ಮಳೆ ಯಾವ ತಿಂಗಳದ್ದು ಅಂತ. ಇದು ವಿಮರ್ಶೆಯೋ ಸರ್ವೆ ಇಲಾಖೆಯೋ?

ಸರಿ, ಹೇಳ್ತೀನಿ, ಕೇಳು. ನಾಲ್ಕೇ ಸಾಲು.

ಕರೆಯದೆ ಬಂದಿತು ಮುಗಿಲಿನ ಕರುಣೆ
ಗುಡ್ಡವು ಬೆಳ್ಳಗೆ ಉಟ್ಟಿತ್ತು
ಬೂರುಗ ಕೆಂಪಗೆ ದೀಪವ ಹಿಡಿಯಿತು
ಹಳ್ಳವು ಉಸಿರನು ಕಟ್ಟಿತ್ತು

ಚೆನ್ನಾಗಿಲ್ವಾ? ನನ್ನ ಹೆಂಡತಿ ರುಕ್ಮಿಣಮ್ಮ ಸತ್ತ ವರ್ಷ ಬರ್ದಿದ್ದು. ಪ್ರಕೃತಿ ಅವಳಿಗಾಗಿ ಬಿಳಿ ಸೀರೆ ಉಟ್ಟಿತು, ಮರ ದೀಪ ಹಿಡೀತು, ಹಳ್ಳ ದುಃಖಕ್ಕೆ ಸದ್ದು ನಿಲ್ಲಿಸ್ತು. ಎಲ್ಲಾ ಮೇಷ್ಟ್ರೂ ಹಂಗೇ ಪಾಠ ಹೇಳೋದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ, "ಕವಿಯ ದುಃಖದಲ್ಲಿ ಪ್ರಕೃತಿ ಹೇಗೆ ಪಾಲುಗೊಂಡಿತು?"

ಅದಕ್ಕೆ ನೀನು ಏನು ಬರ್ದಿದ್ದೀಯ? ಬೂರುಗದ ಕೆಂಪು ಹೂವು ಮಾಘದಲ್ಲಿ. ಕಾಫಿ ಗಿಡ ಬೆಳ್ಳಗೆ ಹೂ ಬಿಡೋಕೆ ಬೇಕಾದ ಹೂಮಳೆ ಬೀಳೋದು ಯುಗಾದಿ ಆಸುಪಾಸು. ಅಷ್ಟೊತ್ತಿಗೆ ಬೂರುಗ ಕಾಯಾಗಿ, ಒಡೆದು, ಹತ್ತಿ ಹಾರ್ತಿರ್ತದೆ. ಒಂದೇ ಪದ್ಯದಲ್ಲಿ ಎರಡೂ ಹೂವು ಹೆಂಗೆ ಬಂತು ಅಂತ. ಪಾಪ, ನಾಲ್ಕು ಜನ ಪ್ರೊಫೆಸರುಗಳು ಮುನ್ನುಡಿ ಬರ್ದ್ರು. ಒಬ್ಬನೂ ಬೂರುಗದ ಮರ ತಲೆ ಎತ್ತಿ ನೋಡಿರಲಿಲ್ಲ.

ಮಳೆ ಬೇಗ ಬಂದಿರಬಾರದಾ? ಈ ಕಡೆಯ ಮಳೆ ನಿಂಗೆ ಗೊತ್ತಿಲ್ವಾ? ಕೊಟ್ಟಿಗೆಹಾರದಲ್ಲಿ ಕೊಡೆ, ಎರಡು ಮೈಲಿ ಈಚೆಗೆ ಧೂಳು. ನಮ್ಮ ಕಾಫಿ ಗುಡ್ಡಕ್ಕೆ ಮಾತ್ರ ಒಂದು ಮೋಡ ಬಂದು ಒಂದೂವರೆ ಇಂಚು ಸುರಿದು ಹೋಯ್ತು ಅಂದ್ಕೋ. ಎಂಟನೇ ದಿನಕ್ಕೆ ಹೂವು. ರೋಬಸ್ಟಾ ಕಾಫಿ ಅಲ್ವಾ, ಬಾಯಾರಿ ಕೂತಿರ್ತದೆ, ನೀರು ಬಿದ್ದದ್ದೇ ಸಾಕು.

ಹಂಗೆ ನೋಡ್ಬೇಡ.

ಗೊತ್ತು, ಮುಂದಿನ ಸಾಲಿಗೆ ಬರ್ತಿದ್ದೀಯ. ಒಂದೂವರೆ ಇಂಚು ಮಳೆ ಬಿದ್ರೆ ಹಳ್ಳ ಸದ್ದು ಮಾಡ್ಬೇಕು. ಉಸಿರು ಯಾಕೆ ಕಟ್ತು? ಇದನ್ನೇ ಕೇಳಿ ತೊಂಬತ್ನಾಲ್ಕನೇ ಪುಟ ಮುಗಿಸಿದ್ದೀಯ. "ಹಾಗಾದರೆ ಕವಿ ಶಾಂತವೀರಪ್ಪನವರ ಗುಡ್ಡಕ್ಕೆ ಬಿದ್ದ ನೀರು ಎಲ್ಲಿಂದ ಬಂತು?" ನಿಜ ಹೇಳ್ಲಾ? ಆ ಸಾಲು ಓದಿ ನಾನು ಕಟ್ಟು ಮುಚ್ಚಿಟ್ಟೆ. ಮುಂದೆ ಓದೋಕೆ ಆಗ್ಲಿಲ್ಲ. ಎರಡು ದಿನ ಊಟ ಸೇರ್ಲಿಲ್ಲ.

ಆಯ್ತು. ಮಳೆ ಬರ್ಲಿಲ್ಲ. ಸ್ಪ್ರಿಂಕ್ಲರ್. ಸಮಾಧಾನ ಆಯ್ತಾ?

ಬರ್ಕೊಳ್ಬೇಡ, ಸುಮ್ನೆ ಕೇಳು. ಡಾಕ್ಟ್ರು ಅವಳಿಗೆ ಇನ್ನು ಹದಿನೈದು ದಿನ ಅಂದಿದ್ರು. ಆ ಕೋಣೆ, ನಿನ್ನ ಬೆನ್ನ ಹಿಂದೆ ಇದ್ಯಲ್ಲ, ಅದರ ಕಿಟಕಿಯಿಂದ ಎದುರು ಗುಡ್ಡ ಕಾಣ್ತದೆ. "ಈ ಸಲದ ಹೂವು ನಂಗಿಲ್ಲ ಅಲ್ವಾ?" ಅಂದ್ಳು. ಅಷ್ಟೇ ಅಂದಿದ್ದು. ಅವಳು ಜೀವಮಾನದಲ್ಲಿ ನನ್ನ ಹತ್ರ ಏನೂ ಕೇಳಿದವಳಲ್ಲ. ಹೂಮಳೆಗೆ ಇನ್ನೂ ತಿಂಗಳಿತ್ತು. ಅರ್ಧ ಗುಡ್ಡದಲ್ಲಿ ಕಾಫಿ ಹಣ್ಣು ಹಾಗೇ ಇತ್ತು, ಅದಿರುವಾಗ ನೀರು ಹಾರಿಸೋ ಹಂಗಿಲ್ಲ. ಹೆಂಗಸರನ್ನ ಅವಸರ ಮಾಡಿ ಕುಯ್ಯಿಸ್ದೆ. ಅವರೂ ನನ್ನ ಪದ್ಯದಲ್ಲಿಲ್ಲ, ಅದನ್ನೂ ಹಿಡಿದಿದ್ದೀಯ ನೀನು, "ಗುಡ್ಡದಲ್ಲಿ ಒಂದು ಹೆಜ್ಜೆ ಗುರುತಿಲ್ಲ" ಅಂತ. ಹಳ್ಳಕ್ಕೆ ಪಂಪ್ ಇಟ್ಟು ಮೂರು ದಿನ ನೀರು ಹಾರಿಸಿದ್ದು. ಇಂಜಿನ್ ಸದ್ದು ಕೇಳಿ ಏನದು ಅಂದ್ಳು. ಹಣ್ಣು ಸುಲಿಯೋ ಪಲ್ಪರ್ ಓಡ್ತಿದೆ ಅಂದೆ. ಎಂಟನೇ ದಿನ ಬೆಳಿಗ್ಗೆ ಕಿಟಕಿ ತೆಗೆದ್ರೆ ಗುಡ್ಡ ಪೂರ್ತಿ ಬೆಳ್ಳಗೆ. ಆ ವಾಸನೆಗೆ ಅವಳು ಕಣ್ಣು ಬಿಟ್ಳು. "ಮಳೆ ಬಂತಾ?" ಅಂತ ಕೇಳಿದ್ಳು. "ಬಂತು, ಕರೀದೆ ಬಂತು" ಅಂದೆ. ಪದ್ಯದ ಮೊದಲನೇ ಸಾಲು ಅವಳಿಗೆ ಹೇಳಿದ ಸುಳ್ಳೇ.

ಅಲ್ಲಿಂದ ನಾಲ್ಕನೇ ದಿನ ಹೋದ್ಳು.

ಹೂವಾದ ಮೇಲೆ ಇಪ್ಪತ್ತು ದಿನಕ್ಕೆ ಇನ್ನೊಂದು ನೀರು ಕೊಡ್ಬೇಕು, ಇಲ್ದಿದ್ರೆ ಕಾಯಿ ನಿಲ್ಲೋದಿಲ್ಲ. ಕೊಡ್ಲಿಲ್ಲ ನಾನು. ಹೂವೆಲ್ಲ ಕಂದಿ ಗಿಡದಲ್ಲೇ ಒಣಗ್ತು. ಅದು ಪದ್ಯದಲ್ಲಿಲ್ಲ. ಪದ್ಯ ಎಂಟನೇ ದಿನಕ್ಕೇ ನಿಂತುಬಿಟ್ಟಿದೆ ಅಂತ ಬರ್ದಿದ್ದೀಯಲ್ಲ, ಅದು ನಿಜ ಮಾರಾಯ್ತಿ. ನಾನೂ ಅಲ್ಲೇ ನಿಂತುಬಿಟ್ಟಿದ್ದೀನಿ.

ಏನು? ಹಳ್ಳ? ಹಳ್ಳದ ಮಾತು ಬೇಡ ಅಂದ್ನಲ್ಲ.

ನೀನು ಯಾರು ಅಂತ ನಂಗೆ ಮೊದಲ ದಿನವೇ ಗೊತ್ತಾಯ್ತು. ಕಳಸದಿಂದ ಬಂದೆ ಅಂದೆ, ಗೈಡ್ ಕಾಗದ ಕೊಟ್ಟೆ, ಅಪ್ಪನ ಹೆಸರು ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ. ಆದ್ರೆ ಮೆಟ್ಟಿಲು ಹತ್ತುವಾಗ ಸೆರಗು ಸಿಕ್ಕಿಸೋದು ಥೇಟ್ ನಿನ್ನ ಅಮ್ಮ ಗಿಡ್ಡಮ್ಮ. ಗಿಡ್ಡಮ್ಮ, ನಿನ್ನ ಅಪ್ಪ ದಾಸಯ್ಯ, ಹಳ್ಳದ ಕೆಳಗೆ ತೋಟದ ಆಳುಗಳ ಲೈನ್ ಮನೆಯಲ್ಲಿ ಕೊನೇದು. ನಿಂಗಾಗ ಒಂಬತ್ತು ವರ್ಷ ಇರ್ಬೇಕು. ಹದಿನಾಲ್ಕು ವರ್ಷದ ಹಿಂದೆ.

ಕಟ್ಟೆ ತುಂಬೋಕೆ ಎರಡು ದಿನ, ಪಂಪಿಗೆ ಮೂರು ದಿನ, ಅಂತೂ ಐದು ದಿನ ಲೈನಿಗೂ ಕೆಳಗಿನ ಊರಿಗೂ ನೀರಿರಲಿಲ್ಲ. ನೆನಪುಂಟಾ? ದನ ಹಳ್ಳದ ಕಲ್ಲು ನೆಕ್ತಿದ್ವಂತೆ. ಊರಿನವರು ನನ್ನ ಅಂಗಳಕ್ಕೇ ಬಂದು ನಿಂತ್ರು. ಒಳಗೆ ಇವಳ ಉಸಿರು ಗಂಟಲಲ್ಲಿತ್ತು. ಪಂಪಿನ ಕೆಲಸ ನಿನ್ನ ಅಪ್ಪಂದು. ಕಟ್ಟೆ ಹಾಕಿದ್ದೂ ಅವನೇ. ನನ್ನನ್ನ ಒಂದು ಮಾತು ಕೇಳದೆ ಹಳ್ಳಕ್ಕೆ ಅಡ್ಡ ಮರಳು ಚೀಲ ಇಟ್ಟ, ನಾನು ಹೆಂಡತಿ ಪಕ್ಕ ಕೂತಿದ್ದೆ, ನಂಗೇನು ಗೊತ್ತು? ಆಗಿದ್ದು ಅದು. ಅವನು ಊರು ಬಿಟ್ಟಿದ್ದು ಅದಕ್ಕೇ. ಪಾಪ ಒಳ್ಳೇ ಆಳು, ಏನೋ ಬುದ್ಧಿ ಕೆಟ್ಟಿತ್ತು. ಹೊಟ್ಟೇಲಿ ಹಾಕ್ಕೊಂಡೆ. ಪದ್ಯದಲ್ಲೂ ಹೇಳ್ಲಿಲ್ಲ ನಾನು. ಈಗ ನೀನು ನೀರು ಎಲ್ಲಿಂದ ಬಂತು ಅಂತ ಕೆದಕಿದ್ರೆ ಬಯಲಾಗೋದು ಯಾರ ಮಾನ? ಯೋಚ್ನೆ ಮಾಡು. ಅದಕ್ಕೇ ಪುಟ ತೆಗಿ ಅಂದಿದ್ದು.

ಚೀಲದಲ್ಲಿ ಏನು ಹುಡುಕ್ತೀಯ?

ಏನಿದು? ಮುಂದಿನ ಪುಟವಾ? ಕೊಡಿಲ್ಲಿ. ಕನ್ನಡಕ... ಹಾಂ, ಇಲ್ಲೇ ಇದೆ.

"ಈ ಪ್ರಶ್ನೆಗೆ ಉತ್ತರವನ್ನು ನಾನು ಬಲ್ಲೆ. ಆ ವರ್ಷ ಹಳ್ಳ ಬತ್ತಿದ್ದು ತೋಟದ ಕೆಲಸಗಾರನೊಬ್ಬನ ತಪ್ಪಿನಿಂದ. ಆತ ನನ್ನ ತಂದೆ. ಆದರೆ ಕವಿ ತಮ್ಮ ಪದ್ಯದಲ್ಲಿ ಪಂಪನ್ನು ಅಳಿಸಿ ಮುಗಿಲನ್ನು ತಂದರು. ಪ್ರಕೃತಿಯನ್ನು ಮರೆಯನ್ನಾಗಿ ಬಳಸಿ ಒಬ್ಬ ಬಡವನ ಮಾನ ಕಾಯ್ದರು. ಹಸುರು ಕಾವ್ಯದ ಮೌನಗಳೆಲ್ಲ ಕ್ರೂರವಲ್ಲ, ಈ ಮೌನ..."

ಈ ಮೌನ...

ನೀನೇ ಓದು. ನಂಗೆ ಅಕ್ಷರ ಕಾಣಿಸ್ತಿಲ್ಲ.

ಇದನ್ನು ಬರ್ದು ನಂಗೆ ತೋರಿಸೋಕೆ ಬಂದ್ಯಾ? ಕಳಸದಿಂದ ಮೂರು ಸಲ? ನಾನು ನೀನು ಕೇಸು ಹಾಕೋಕೆ ಬಂದೆ ಅಂತ... ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಂಗಾಯ್ತಲ್ಲ ನಂದು.

ಅಪ್ಪ ಹೇಳ್ಲಿಲ್ವಾ? ಒಂದು ದಿನವೂ? ನೀನೂ ಅವನೇ ಮಾಡಿದ್ದು ಅಂತ ನಂಬಿದ್ಯಾ, ಇಷ್ಟು ವರ್ಷ?

ನೀನು ಪೆನ್ನು ಮುಚ್ಚಿಬಿಟ್ಟೆ. ಅವತ್ತು ಅಂಗಳದಲ್ಲಿ ಅವನೂ ಹೀಗೇ ನನ್ನ ಮುಖ ನೋಡ್ತಾ ನಿಂತಿದ್ದ. ಊರವರೆಲ್ಲ ಕೂಗ್ತಿದ್ರು. ನಾನು ಜಗಲಿ ಮೇಲೆ ನಿಂತು, "ನಂಗೆ ಗೊತ್ತಿಲ್ಲ, ಇವನನ್ನ ಕೇಳಿ" ಅಂದೆ. ಅವನು ಒಂದು ಸಲ ಕಿಟಕಿ ಕಡೆ ನೋಡ್ದ. ನಿಜ ಹೇಳಿದ್ರೆ ಒಳಗೆ ಮಲಗಿದ್ದವಳಿಗೆ ಕೇಳಿಸ್ತದೆ ಅಂತ ಇರ್ಬೇಕು. "ನಂದೇ ತಪ್ಪು" ಅಂದ.

ಹೌದು. ಚೀಲ ಇಡಿಸಿದ್ದು ನಾನು. ನಿಂತು ಇಡಿಸ್ದೆ. ನಿನ್ನ ಅಪ್ಪ, "ಅಯ್ಯಾ, ಒಂದು ಗೇಣು ಬಿಡುವ, ಕೆಳಗೆ ಮಕ್ಕಳು ಮರಿ ಇದ್ದಾವೆ" ಅಂದ. ಒಂದು ಗೇಣು ಬಿಟ್ರೆ ಪಂಪ್ ಗಾಳಿ ಎಳೀತದೆ, ಇನ್ನೆರಡು ದಿನ ತಡ ಆಗ್ತದೆ. ಅವಳಿಗೆ ಎರಡು ದಿನ ಎಲ್ಲಿತ್ತು? ಬೇಡ ಅಂದೆ. ಹಳ್ಳಕ್ಕೆ ಯಾವ ದುಃಖವೂ ಇರಲಿಲ್ಲ ಸುಗುಣ. ನಾನು ಅದರ ಕತ್ತು ಹಿಸುಕಿ, ಆಮೇಲೆ ನನ್ನ ಹೆಂಡತಿಗಾಗಿ ಅಳ್ತಿದೆ ಅಂತ ಬರ್ದೆ. ಇವಳು ಹೋದ ಮೇಲಾದ್ರೂ ಹೇಳ್ಬಹುದಿತ್ತು. ತಿಥಿ ಆಗ್ಲಿ ಅಂದ್ಕೊಂಡೆ. ಅಷ್ಟರಲ್ಲಿ ಅವನು ಬಸ್ಸು ಹತ್ತಿದ್ದ. ಆಮೇಲೆ ಪದ್ಯ ಬಂತು, ಎಲ್ರೂ ಹೊಗಳಿದ್ರು. ಪದ್ಯದಲ್ಲಿ ಮಳೆ ಇತ್ತಲ್ಲ, ನಾನೂ ಮಳೆಯನ್ನೇ ನಂಬ್ತಾ ಬಂದೆ.

ಬದುಕಿದ್ದಾನಲ್ಲ ಅವನು? ... ದೇವರು ದೊಡ್ಡವನು. ಮಾತಾಡ್ತೀಯಲ್ಲ ಅಪ್ಪನ ಹತ್ರ? ಯಾಕೆ ತಲೆ ಬಗ್ಗಿಸಿದೆ? ಇದಕ್ಕೇನಾ? ಊರು ಬಿಡಿಸಿದ ಅಂತ ಅವನ ಮೇಲೆ ಕೋಪ ಇಟ್ಕೊಂಡು ಮಾತು ಬಿಟ್ಟಿದ್ಯಾ?

ಆ ಪುಟ ಇರ್ಲಿ. ತೊಂಬತ್ನಾಲ್ಕು ಇರ್ಲಿ. ತೊಂಬತ್ತೈದು ಹರಿದು ಹಾಕು. ಈಗ ನಾನು ಹೇಳಿದ್ದು ಬರಿ, ಕೆಳಗೆ ಸಹಿ ಮಾಡ್ತೀನಿ.

ಎದ್ದೆ ಯಾಕೆ? ನಿಲ್ಲು, ಚಪ್ಪಲಿ ಹಾಕ್ಕೊಂಡು ನಾನೂ ಬರ್ತೀನಿ. ಕಳಸಕ್ಕೆ. ಅವನ ಎದುರೇ ಹೇಳ್ತೀನಿ, ಗಿಡ್ಡಮ್ಮನ ಎದುರೂ ಹೇಳ್ತೀನಿ. ಒಂದು ನಿಮಿಷ, ಬಾಗಿಲು ಎಳ್ಕೊಂಡು...

ಬೇಡ್ವಾ?

ಸರಿ. ಅಪ್ಪನ ಹತ್ರ ಹೋಗಬೇಕಾದವಳು ನೀನು. ಅಲ್ಲಿ ನನ್ನದೇನು ಕೆಲಸ. ಹೋಗು, ಬೇಗ ಹೋಗು. ನನ್ನ ಹತ್ರ ಮಾತಾಡಿ ಹೊತ್ತು ಕಳೀಬೇಡ.