ಫೋಟೋ ಅಂಟಿಸುವ ಮೊದಲು

...ಬೇಡ ಮೇಡಂ, ನಿಂತೇ ಹೇಳ್ತೀನಿ. ಈ ಕುರ್ಚಿ ಮಕ್ಕಳದ್ದು, ನಾನು ಕೂತ್ರೆ ಏಳೋವಾಗ ಅದೂ ನನ್ನ ಜೊತೆ ಎದ್ದು ಬರುತ್ತೆ. ಓ, ಆ ಕಡೇದಾ? ಸರಿ. ಇಗೋ, ಕೂತೆ.

ನಾನು ಹೇಳ್ತಾ ಇದ್ದೆ, ಥ್ಯಾಂಕ್ಸ್ ಹೇಳೋಕೆ ಅಂತಲೇ ಬಂದಿದ್ದು. ಕೈಲಿ ಏನೂ ಇಲ್ಲ, ನೋಡಿ. ಒಂದು ಚೀಲ ಹಣ್ಣು ತಂದಿದ್ದೆ, ಗೇಟಿನ ವಾಚ್‌ಮನ್ ಇಸ್ಕೊಂಡು ತನ್ನ ಸ್ಟೂಲಿನ ಕೆಳಗೆ ಇಟ್ಕೊಂಡ. ಸೀಟು ಸಿಕ್ಕವರು ಏನೂ ಒಳಗೆ ತರೋ ಹಾಗಿಲ್ಲ, ಮೇಡಂ ಬೈತಾರೆ ಅಂದ. ಒಳ್ಳೇದೇ ಆಯ್ತು. ಹೋಗೋವಾಗ ಅವನಿಗೇ ಕೊಟ್ಟು ಹೋಗ್ತೀನಿ, ಅವನೇನು ಸೀಟು ಕೊಡೋನಲ್ಲವಲ್ಲ.

ಯಾಕೆ ನಗ್ತೀರಾ? ನಿಜ ತಾನೇ.

ನಾನು ಯಾರು ಅಂತ ಹೇಳಲಿಲ್ಲ ಅಲ್ವಾ. ಒಂದನೇ ಕ್ಲಾಸಿಗೆ ಬಂದಿರೋ ನಮ್ಮ ಗುಬ್ಬಿ... ಗುಬ್ಬಿ ಅಂತ ನಾವು ಮನೇಲಿ ಕರೆಯೋದು. ಹೋದ ವಾರ ನಿಮ್ಮ ಬೋರ್ಡಿನ ಮೇಲೆ ಅರ್ಜಿ ನಂಬರ್ ಹಾಕಿದ್ರಲ್ಲ, ಕೊನೇಲಿ, ವೇಟಿಂಗ್ ಲಿಸ್ಟ್ ಶುರು ಆಗೋದಕ್ಕೆ ಸ್ವಲ್ಪ ಮೇಲೆ. ಅವಳೇ. ನಾನು ಅವಳ ದೊಡ್ಡಪ್ಪ. ಅವಳ ಅಪ್ಪ ಇದ್ದಾನಲ್ಲ, ಕನ್ನಡಕ, ತಿಳಿ ನೀಲಿ ಶರಟು, ಲೆಕ್ಕದ ಆಫೀಸು... ಅವನು ನನ್ನ ತಮ್ಮ. ಇವತ್ತು ಮೂಲ ದಾಖಲೆ ತೋರಿಸಿ, ಸಾಯಂಕಾಲ ಮಗೂನ ಕರ್ಕೊಂಡು ಹೋಗೋರ ಕಾರ್ಡಿಗೆ ಫೋಟೋ ಕೊಡೋ ದಿನ ಅಲ್ವಾ? ತಮ್ಮನಿಗೆ ರಜೆ ಸಿಗಲಿಲ್ಲ. ಅವನ... ಅವನ ಹೆಂಡತಿ ಹಿಂದಿಂದ ಬರ್ತಾ ಇದ್ದಾಳೆ, ಬಸ್ಸು ತಡ. ನನ್ನನ್ನ ಮುಂದೆ ಕಳಿಸಿದ್ರು. ಜನನ ಪತ್ರ, ವಿಳಾಸದ್ದು, ಚುಚ್ಚುಮದ್ದಿನ ಕಾರ್ಡು, ಎಲ್ಲಾ ಈ ಕವರಲ್ಲಿ ಇದೆ. ನೋಡ್ಕೊಳ್ಳಿ. ಫೋಟೋನೂ ಇದೆ. ಅಪ್ಪನ ಚೌಕಕ್ಕೆ ತಮ್ಮಂದು, ಅಮ್ಮನ ಚೌಕಕ್ಕೆ ಅವಳದ್ದು, ‘ಇತರರು’ ಅಂತ ಇದೆಯಲ್ಲ, ಅದಕ್ಕೆ ನಂದು.

ನೀವು ನೋಡ್ತಾ ಇರಿ, ನಾನು ಮಾತಾಡ್ತಾ ಇರ್ತೀನಿ. ಲಾರಿಯೋನಿಗೆ ಸುಮ್ಮನೆ ಕೂರೋಕೆ ಬರಲ್ಲ.

ಥ್ಯಾಂಕ್ಸ್ ಯಾಕೆ ಅಂದ್ರೆ, ಸೀಟು ಕೊಟ್ಟಿದ್ದಕ್ಕಲ್ಲ ಮೇಡಂ. ಬೇಜಾರು ಮಾಡ್ಕೋಬೇಡಿ. ಇಷ್ಟು ಮಕ್ಕಳಿಗೆ ಸೀಟು ಇರುತ್ತೆ, ಯಾರಿಗೋ ಕೊಡಲೇಬೇಕು, ಅದು ನಿಮ್ಮ ಕೆಲಸ. ದೇವರ ಥರ ನೀವು ಅಂತೆಲ್ಲ ನಾನು ಅನ್ನಲ್ಲ. ಆವತ್ತು ನೀವು ಎರಡನೇ ಪ್ರಶ್ನೆ ಕೇಳಿದ್ರಲ್ಲ, ಅದಕ್ಕೆ ಥ್ಯಾಂಕ್ಸ್.

ಜ್ಞಾಪಕ ಇಲ್ವಾ? ಇದೇ ಕೋಣೆ ಅಂತೆ. ಅಪ್ಪ ಅಮ್ಮ ಇಬ್ಬರೂ ಗೋಡೆ ಕಡೆ, ಮಗು ನಿಮ್ಮ ಪಕ್ಕ. ಅಪ್ಪ ಏನು ಕೆಲಸ ಮಾಡ್ತಾರೆ ಅಂತ ನೀವು ಕೇಳಿದ್ರಿ. ಗುಬ್ಬಿ ಅಂದಳಂತೆ, ‘ನಮ್ಮಪ್ಪ ಲಾರಿ ಹಿಂದೆ ನಡೀತಾರೆ.’ ಬೇರೆ ಯಾರಾದ್ರೂ ಆಗಿದ್ರೆ ನಕ್ಕು, ಅದೇನೋ ಗೀಚಿ, ಮುಂದಿನ ಮಗುವನ್ನ ಕರೀತಿದ್ರು. ನೀವು ಕೇಳಿದ್ರಿ, ಲಾರಿ ಒಳಗೆ ಕೂರದೆ ಹಿಂದೆ ಯಾಕೆ ನಡೀತಾರೆ ಅಂತ. ಕೇಳಿ ಸುಮ್ಮನೆ ಕಾದ್ರಿ. ಅವಳು ನಿಮ್ಮ ಸ್ಕೇಲು ತಗೊಂಡು, ಕೆಳಗೆ ಎರಡು ರಬ್ಬರ್ ಇಟ್ಟು, ಮೇಜಿನ ಮೂಲೇಲಿ ತಿರುಗಿಸಿ ತೋರಿಸಿದಳು. ಲಾರಿ ಮೇಲೆ ಸಾಗಿಸೋ ಗಾಳಿ ಗಿರಣಿಯ ರೆಕ್ಕೆ ಇಷ್ಟುದ್ದ, ಮುಂದಿನ ಚಕ್ರ ಈ ಕಡೆ ಹೋದ್ರೆ ಹಿಂದಿನದು ಆ ಕಡೆ ಹೋಗ್ಬೇಕು, ಇಲ್ಲಾಂದ್ರೆ ಬಾಲ ಯಾರದೋ ಮನೆ ಗೋಡೆಗೆ ಬಡಿಯುತ್ತೆ, ಅದಕ್ಕೇ ಅಪ್ಪ ಹಿಂದಿನ ಚಕ್ರ ತಿರುಗಿಸೋ ಡಬ್ಬೀನ ಕತ್ತಿಗೆ ನೇತಾಕ್ಕೊಂಡು ಗುಂಡಿ ಒತ್ತುತ್ತಾ ಹಿಂದೆ ನಡೀತಾರೆ ಅಂತ.

ಅದು ಸರಿಯಾಗೇ ಹೇಳಿದಾಳೆ. ನಮ್ಮ ಹೊಸ ಹುಡುಗರಿಗೆ ಅದನ್ನ ತಿಳಿಸೋಕೆ ನಂಗೆ ಎರಡು ತಿಂಗಳು ಬೇಕಾಗುತ್ತೆ.

ಹ್ಞಾಂ, ಅದೇ. ಅದನ್ನೇ ಹೇಳೋಕೆ ಹೊರಟಿದ್ದೆ. ಆ ಹಿಂದೆ ನಡೆಯೋನು ನಾನು. ದೊಡ್ಡಪ್ಪ. ಮಗು ಗೊಂದಲ ಮಾಡ್ಕೊಂಡಿದೆ. ನಾನು ಊರಿಗೆ ಬಂದಾಗಲೆಲ್ಲ ಅವಳನ್ನ ಹೆಗಲ ಮೇಲೆ ಕೂರಿಸ್ಕೊಂಡು ಲಾರಿ ತೋರಿಸ್ತಿದ್ದೆ, ಅದಕ್ಕೆ ಅಪ್ಪ ಅಂದುಬಿಟ್ಟಿದಾಳೆ. ತಮ್ಮನಿಗೆ ಅಲ್ಲೇ ಬೆವರು ಕಿತ್ಕೊಂಡು ಬಂತಂತೆ. ‘ಅವಳು ಕಥೆ ಕಟ್ಟೋದರಲ್ಲಿ ಜಾಣೆ ಮೇಡಂ’ ಅಂದನಂತೆ. ಅಷ್ಟು ಚೆನ್ನಾಗಿ ಹೇಳಿದ ಮಗುವನ್ನ ಕಥೆ ಕಟ್ತಾಳೆ ಅಂದ, ನೋಡಿ.

ಇಲ್ಲ, ಕೋಪ ಏನಿಲ್ಲ. ನನ್ನ ದನಿನೇ ಹೀಗೆ, ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ.

ಅದನ್ನ ಸರಿ ಮಾಡಿ ಬನ್ನಿ ಅಂತ ಮನೇಲಿ ಹೇಳಿ ಕಳಿಸಿದ್ದು. ನಿಮ್ಮ ನೋಟೀಸಲ್ಲಿ ಇದೆಯಲ್ಲ, ತಪ್ಪು ಮಾಹಿತಿ ಕೊಟ್ರೆ ಸೀಟು ಯಾವಾಗ ಬೇಕಾದ್ರೂ ರದ್ದು ಅಂತ. ಮಗುವಿನ ಮಾತು ತಗೊಂಡು ನಿಮಗೆಲ್ಲಿ ಅನುಮಾನ ಬರುತ್ತೋ ಅಂತ ಅವಳಿಗೆ ನಿದ್ದೆ ಇಲ್ಲ. ತಮ್ಮನ ಹೆಂಡತಿಗೆ.

ನಾನೂ ಆವತ್ತು ಬರೋಣ ಅಂತಿದ್ದೆ ಮೇಡಂ. ಒಳಗಲ್ಲ, ಗೇಟಿನ ತನಕ. ನಂಗೆ ಗುರುವಾರ ಅಂತ ಹೇಳಿದ್ರು. ಯಜಮಾನನ ಹತ್ರ ಗೋಗರೆದು, ರೆಕ್ಕೇನ ದಾರೀಲೇ ಇನ್ನೊಬ್ಬನಿಗೆ ಒಪ್ಪಿಸಿ, ಮೂರು ಬಸ್ಸು ಬದಲಾಯಿಸಿ ಬಂದೆ. ಬಸ್ ಸ್ಟ್ಯಾಂಡಲ್ಲೇ ಗಡ್ಡ ತೆಗೆಸಿ, ಹೊಸ ಶರಟು ಹಾಕ್ಕೊಂಡೆ. ಇದೇ ಶರಟು. ಇಲ್ಲಿಗೆ ನೇರವಾಗಿ ಬಂದ್ರೆ ನಿಮ್ಮ ವಾಚ್‌ಮನ್ ಏನಂದ? ‘ಮಕ್ಕಳನ್ನ ಮಾತಾಡಿಸೋದು ಸೋಮವಾರವೇ ಮುಗೀತಲ್ಲಪ್ಪಾ.’ ಮನೇಲಿ ದಿನ ಮರೆತಿರ್ಬೇಕು ಅಂತ ಅಂದ್ಕೊಂಡೆ. ಮನೆಗೆ ಹೋದೆ. ಗುಬ್ಬಿ ಓಡಿ ಬಂದು ಕುತ್ತಿಗೆಗೆ ಜೋತುಬಿದ್ದು, ‘ನಿಂಗೊಂದು ಆಟ ಹೇಳಲಾ? ನಾವು ಸ್ಕೂಲಲ್ಲಿ ಆಡಿದ್ವಿ. ಚಿಕ್ಕಪ್ಪ ಅಪ್ಪ ಆಗಿದ್ರು’ ಅಂತ...

ಅಲ್ಲ. ಅದು... ಮಕ್ಕಳ ಆಟ, ಬಿಡಿ.

ದೊಡ್ಡಪ್ಪನಿಗೆ ಹೊಸ ಶರಟು ಯಾಕೆ ಅಂತ ನೋಡ್ತಿದ್ದೀರಾ? ಯಾಕೆ, ದೊಡ್ಡಪ್ಪ ಬಟ್ಟೆ ಹಾಕ್ಕೋಬಾರದಾ.

ಮನೆಯವರನ್ನ ಬೈಯೋಕೂ ಆಗಲ್ಲ ಮೇಡಂ. ಹೋದ ವರ್ಷ ಇನ್ನೊಂದು ಶಾಲೇಲಿ, ಯುಕೆಜಿಗೆ, ನನ್ನನ್ನ ಕೇಳಿದ್ರು, ಎಷ್ಟು ಓದಿದ್ದೀರಾ ಅಂತ. ಶಾಲೆ ಕಿಟಕಿಯಿಂದ ಲಾರಿ ಕಾಣ್ತಿತ್ತು, ಒಂದಿನ ಹತ್ತಿಬಿಟ್ಟೆ, ಆಮೇಲೆ ಇಳೀಲಿಲ್ಲ ಅಂದೆ. ಅವರೂ ನಕ್ಕರು. ನಗು ನೋಡಿ ಒಪ್ಪಿದ್ರು ಅಂದ್ಕೊಂಡೆ. ಲಿಸ್ಟಲ್ಲಿ ನಂಬರ್ ಇರಲಿಲ್ಲ. ಆವತ್ತು ದಾರಿ ಉದ್ದಕ್ಕೂ ಇವಳು ನನ್ನ ಜೊತೆ ಮಾತಾಡ್ಲಿಲ್ಲ. ನನ್ನನ್ನ ಕೇಳಿದ್ರು ಅಂದ್ರೆ... ತಮ್ಮನ ಜೊತೆ ನಾನೂ ಹೋಗಿದ್ದೆ, ಅದಕ್ಕೆ.

ಆದ್ರೂ ನಂಗೊಂದು ಮಾತು ಹೇಳಬಹುದಿತ್ತು. ‘ನೀವು ಬಾಯಿ ಬಿಟ್ರೆ ಸೀಟು ಹೋಗುತ್ತೆ, ಈ ಸಲ ಬೇಡ’ ಅಂದಿದ್ರೆ ನಾನೇ ತಮ್ಮನ ಶರಟಿಗೆ ಇಸ್ತ್ರಿ ಹಾಕಿ ಕಳಿಸ್ತಿದ್ದೆ. ಸೋಮವಾರಾನ ಗುರುವಾರ ಅಂದ್ರಲ್ಲ. ಇಬ್ಬರೂ ಕೂತು, ಯಾವ ದಿನ ಹೇಳಿದ್ರೆ ಇವನು ಬರೋದು ತಪ್ಪುತ್ತೆ ಅಂತ ಮಾತಾಡ್ಕೊಂಡ್ರಲ್ಲ, ನನ್ನ ಮನೇಲೇ. ಆ ಹುಡುಗನ್ನ ನಾನು ಓದಿಸಿದ್ದು ಮೇಡಂ. ನನ್ನ ಬದಲು ಅವನು ಶಾಲೆಗೆ ಹೋಗ್ಲಿ ಅಂತ. ಹೋದ. ಹೋಗಿ ನನ್ನ ಬದಲು ಇಲ್ಲೂ ಬಂದು ಕೂತ.

ಏನು? ನಾನು ಏನೋ ಅಂದ್ನಾ?

ಫೋಟೋ ಅಂಟಿಸಿಬಿಡಿ ಮೇಡಂ, ಗೋಂದು ಒಣಗ್ತಿದೆ.

ಗುರುತಿನ ಚೀಟಿನಾ? ಯಾರದು... ನಂದಾ? ‘ಇತರರು’ ಅನ್ನೋದಕ್ಕೂ ಬೇಕಾ? ಅಪ್ಪ ಅಮ್ಮಂದು ಅರ್ಜಿ ಜೊತೇಲೇ ಕೊಟ್ಟಿದೆಯಲ್ಲ. ಅದ್ರಲ್ಲಿ ಅಪ್ಪಂದು ಜೆರಾಕ್ಸು, ಮುಖ ಪೂರ್ತಿ ಕಪ್ಪು, ಯಾರು ಅಂತ ತಿಳಿಯಲ್ಲ, ಅದೊಂದು ಪುಣ್ಯ... ಹೌದು ಹೌದು, ಸರಿನೇ, ಮಗೂನ ಯಾರ ಕೈಗೋ ಕೊಡೋಕಾಗುತ್ತಾ, ನೋಡಿ ಕೊಡಬೇಕು. ನಾನೂ ಅದೇ ಅಂತೀನಿ. ಆದ್ರೆ ನಂದು ಇವತ್ತು ತಂದಿಲ್ಲ. ನಾಳೆ...

ಜೇಬಲ್ಲಿ ಕಾಣ್ತಿರೋದಾ. ಅದು ಡ್ರೈವಿಂಗ್ ಲೈಸನ್ಸು. ಅದಾಗಲ್ಲ ಬಿಡಿ, ಹಳೇದು, ಅಕ್ಷರ ಅಳಿಸಿದೆ.

ಕೈ ಹಿಂದಕ್ಕೆ ತಗೊಳ್ಳಿ ಮೇಡಂ.

ಇದನ್ನ ಅವರಿಬ್ಬರೂ ಯೋಚನೆ ಮಾಡಿರಲಿಲ್ಲ. ಎಲ್ಲಾ ಯೋಚನೆ ಮಾಡಿದ್ರು. ಯಾರು ಎಲ್ಲಿ ಕೂರಬೇಕು, ಏನು ಕೇಳಿದ್ರೆ ಏನು ಹೇಳ್ಬೇಕು. ದೊಡ್ಡಪ್ಪನಿಗೊಂದು ಹೆಸರು ಬೇಕು ಅಂತ ಹೊಳೀಲಿಲ್ಲ. ಇದ್ದಿದ್ದು ಒಂದೇ ಹೆಸರು. ಅದನ್ನ ಆಗಲೇ ತಮ್ಮನಿಗೆ ಹಾಕಿಬಿಟ್ಟಿದ್ರು.

ತಗೊಳ್ಳಿ. ಓದಿ. ಮನಸ್ಸಲ್ಲೇ ಓದ್ಕೊಳ್ಳಿ, ಹೊರಗೆ ಬೆಂಚಲ್ಲಿ ಜನ ಇದಾರೆ.

...

ಬೈಯಿರಿ. ಬೇಕಾದ್ರೆ ಪ್ರಿನ್ಸಿಪಾಲರನ್ನ ಕರೀರಿ. ಆದ್ರೆ ಒಂದು ಕೇಳ್ಕೊಳ್ಳಿ, ಶಿಕ್ಷೆ ಆಗ್ಬೇಕಾದ್ದು ನಮ್ಮ ಮೂವರಿಗೆ. ಅವಳಿಗೆ ಆಟ ಅಂತ ಹೇಳಿಕೊಟ್ಟಿದ್ರು, ಆಟದಲ್ಲಿ ಕೂಡ ಅವಳ ಬಾಯಿಗೆ ಸುಳ್ಳು ಬರಲಿಲ್ಲ. ಅಪ್ಪ ಏನು ಮಾಡ್ತಾರೆ ಅಂದ್ರೆ, ಎದುರಿಗೆ ಕೂತೋನನ್ನ ಬಿಟ್ಟು ನನ್ನ ಕೆಲಸ ಹೇಳಿದಳು. ಅವಳ ನಂಬರ್ ಅಳಿಸಬೇಡಿ.

ನಿಮಗೆ ಆಶ್ಚರ್ಯ ಆಗ್ಲಿಲ್ಲ. ನಾನು ನೋಡ್ತಾನೇ ಇದೀನಿ, ಲೈಸನ್ಸ್ ಓದಿದ್ರಿ, ಹುಬ್ಬು ಕೂಡ ಅಲ್ಲಾಡ್ಲಿಲ್ಲ. ಯಾಕೆ?

ಆವತ್ತೇ ಗೊತ್ತಾಗಿತ್ತಾ?

ಸ್ಕೇಲು ತಿರುಗಿಸೋ ಮಗುವನ್ನ ನೋಡಿ, ಬೆವರೋ ಗಂಡಸನ್ನ ನೋಡಿ, ನಿಮಗೆ ತಿಳೀತು. ತಿಳಿದೂ ಅವನನ್ನ ಎಬ್ಬಿಸಲಿಲ್ಲ. ‘ಇವಳ ಅಪ್ಪ ಎಲ್ಲಿ, ಕರ್ಕೊಂಡು ಬನ್ನಿ’ ಅನ್ನಲಿಲ್ಲ. ಅಂದಿದ್ರೆ ಸೀಟು ಹೋಗ್ತಿತ್ತು ಅಂತೀರಾ. ಇರಬಹುದು. ಅವಳಿಗೋಸ್ಕರ ಮಾಡಿದ್ರಿ, ಮನೇಲಿ ಅವರಿಬ್ಬರೂ ಅವಳಿಗೋಸ್ಕರವೇ ಮಾಡಿದ್ರಂತೆ. ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬನನ್ನ ಬಿಟ್ಟು. ನಿಮ್ಮ ಹತ್ರ ಬಂದು, ಆ ಎರಡನೇ ಪ್ರಶ್ನೆ ಕೇಳಿದವರು ಇವರು, ಇವರೊಬ್ಬರಿಗಾದ್ರೂ ಥ್ಯಾಂಕ್ಸ್ ಹೇಳ್ಬೇಕು ಅಂತ... ಇಷ್ಟೊತ್ತು ನನ್ನ ಬಾಯಲ್ಲಿ ದೊಡ್ಡಪ್ಪ ದೊಡ್ಡಪ್ಪ ಅನ್ನಿಸ್ತಾ ಕೂತಿದ್ರಲ್ಲ ಮೇಡಂ.

ಹೋಗ್ಲಿ. ಥ್ಯಾಂಕ್ಸ್ ವಾಪಸ್ ತಗೊಳಲ್ಲ. ಅದು ಆ ಪ್ರಶ್ನೆಗೆ ಹೇಳಿದ್ದು, ಅಲ್ಲೇ ಇರ್ಲಿ.

ಇದೇನು, ಮೂರು ಫೋಟೋನೂ ನನ್ನ ಕಡೆ ತಳ್ತಿದ್ದೀರಾ. ಗೋಂದೂ. ನಾನೇ ಅಂಟಿಸಬೇಕಾ?

ನಾನು ಅಪ್ಪನ ಚೌಕಕ್ಕೆ ಹೋದ್ರೆ, ನಾಳೆ ಯಾರಾದ್ರೂ ಆವತ್ತು ಬಂದಿದ್ದವನು ಯಾರು ಅಂತ ಕೇಳಿದ್ರೆ? ನಿಮ್ಮ ಕೆಲಸಕ್ಕೆ ಕುತ್ತು. ‘ಇತರರು’ ಅನ್ನೋದಕ್ಕೆ ಹೋದ್ರೆ, ನಾನು ಊರಲ್ಲಿರೋ ದಿನ ಸಾಯಂಕಾಲ ಅವಳು ಅಪ್ಪಾ ಅಂತ ಓಡಿ ಬಂದಾಗ, ಗೇಟಿನವನು ಕಾರ್ಡ್ ನೋಡಿ ಅವಳಿಗೆ ಹೇಳ್ತಾನೆ, ‘ಇವರು ದೊಡ್ಡಪ್ಪ’ ಅಂತ. ಆಮೇಲೆ ಅವಳೂ ಕಲೀತಾಳೆ. ಬೇಗ ಕಲಿಯೋ ಮಗು, ನೀವೇ ನೋಡಿದ್ದೀರಲ್ಲ.

ಹೇಳಿ ಮೇಡಂ. ಎಲ್ಲಿ?

ಬೆರಳಿಟ್ಟು ತೋರಿಸಿದ್ರೂ ಸಾಕು.

...ಸರಿ. ನಾನೇ ಅಂಟಿಸ್ತೀನಿ.

ಹಾಗಾದ್ರೆ ತಮ್ಮನ ಫೋಟೋ ಸ್ವಲ್ಪ ‘ಇತರರು’ ಕಡೆಗೆ ಸರಿಸಿ. ನನ್ನ ಕೈಯೆಲ್ಲ ಗೋಂದು.